ಅಪ್‌ಡೇಟ್: ಮಗಳ ಹುಳುಕು ಹಲ್ಲಿಗೆ ಔಷಧ ಹಚ್ಚಿಸಿದೆವು

ಆಗ ಕೇಳಿದ್ದು: "4 ವರ್ಷದ ಮಗಳು ಡ್ರಿಲ್ ಸದ್ದಿಗೇ ಚೀರುತ್ತಾಳೆ. ಡ್ರಿಲ್ ಇಲ್ಲದೆ ಹುಳುಕು ನಿಲ್ಲಿಸೋ ಔಷಧ ಸಿಲ್ವರ್ ಡೈಅಮೀನ್ ಫ್ಲೋರೈಡ್ ಹಚ್ಚಿಸಬಹುದಾ?"

ಹುಬ್ಬಳ್ಳಿಯಲ್ಲೇ ಹಚ್ಚಿಸಿದೆವು. ರಾತ್ರಿ ನೋವು, ಬಾವು ಇದೆಯಾ ಅಂತ ಡಾಕ್ಟರ್ ಮೊದಲೇ ಕೇಳಿದರು. ಹುಳುಕು ನರಕ್ಕೆ ತಲುಪಿದ್ದರೆ ಇದು ಸಾಲದಂತೆ. ತುಟಿಗೆ ವ್ಯಾಸಲೀನ್ ಸವರಿ, ಹತ್ತಿಯಿಟ್ಟು ಹಲ್ಲು ಒಣಗಿಸಿ, 38% ದ್ರಾವಣದ ಒಂದು ಹನಿಯನ್ನು ಪುಟ್ಟ ಬ್ರಷ್‌ನಿಂದ ಒಂದು ನಿಮಿಷ ಹಚ್ಚಿದರು. ಮಗಳು ನನ್ನ ತೊಡೆ ಮೇಲೇ ಇದ್ದಳು. ರುಚಿಗೆ ಮುಖ ಕಿವುಚಿದಳು, ಅಷ್ಟೇ.

ಹುಳುಕು ಕಪ್ಪಾಯಿತು. ಅದರಲ್ಲೂ ಮುಂದಿನ ಹಲ್ಲು! "ಹಲ್ಲಿಗೆ ಕಾಡಿಗಿ ಹಚ್ಚಿಸ್ಕೊಂಡು ಬಂದೀಯೇನು?" ಅಂದರು ಅತ್ತೆ. ಗಲ್ಲಕ್ಕೆ ತಾಗಿದ ಕಲೆ 10 ದಿನಕ್ಕೆ ಹೋಯಿತು, ಹಲ್ಲಿನದು ಹೋಗಲ್ಲ.

3 ವಾರದ ಮೇಲೆ ನೋಡಿದಾಗ ಎರಡು ಹುಳುಕು ಗಟ್ಟಿಯಾಗಿ ಹೊಳೆಯುತ್ತಿದ್ದವು, ಅಂದರೆ ಅಲ್ಲಿ ಹುಳುಕು ನಿಂತಿದೆ. ದವಡೆ ಹಲ್ಲಿನ ಸಂದಿಯದು ಇನ್ನೂ ಮೆತ್ತಗೆ, ಕಂದು. ಅಲ್ಲಿ ಅನ್ನ ಸಿಕ್ಕಿಕೊಳ್ಳುತ್ತೆ, ಬ್ರಷ್ ಹೋಗಲ್ಲ. ಅದಕ್ಕೆ ಮತ್ತೆ ಹಚ್ಚಿದರು. 6 ತಿಂಗಳಿಗೆ ಇನ್ನೊಮ್ಮೆ ಎಲ್ಲಕ್ಕೂ ಹಚ್ಚಬೇಕಂತೆ.