ಅಪ್‌ಡೇಟ್: 710 ಪ್ಲೈವುಡ್, ಲ್ಯಾಮಿನೇಟ್, ವೆನೀರ್ ಆಯ್ಕೆ

ನನ್ನ ಪ್ರಶ್ನೆ: “ಅಡುಗೆಮನೆಗೂ ವಾರ್ಡ್‌ರೋಬಿಗೂ ಒಂದೇ ‘710’ ಪ್ಲೈವುಡ್ ಬೇಕೇ? ಅಂಗಡಿಯವರು ತೋರಿಸುವ ಮುದ್ರೆಯನ್ನು ನಂಬಬಹುದೇ?”

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಸಿಂಕಿನ ಕೆಳಗಿನ ಪೆಟ್ಟಿಗೆಗೂ ಅಡುಗೆಮನೆಯ ಕೆಳಸಾಲಿಗೂ ನೀರು ತಡೆಯುವ ಪ್ಲೈವುಡ್ಡಿನ ಭಾರತೀಯ ಮಾನದಂಡವಾದ ಐಎಸ್ 710ರ ಪ್ಲೈವುಡ್ಡನ್ನು, ಒಣಗಿದ ಒಳಗೋಡೆಗೆ ತಾಗಿ ನಿಲ್ಲುವ ವಾರ್ಡ್‌ರೋಬಿಗೆ ಸಾಮಾನ್ಯ ಬಳಕೆಯ ಪ್ಲೈವುಡ್ಡಿನ ಮಾನದಂಡವಾದ ಐಎಸ್ 303ರ ಎಂಆರ್, ಅಂದರೆ ತೇವ ತಡೆಯುವ ದರ್ಜೆಯನ್ನು ಆರಿಸಿದೆವು. ಎರಡರ ಮುಖ್ಯ ವ್ಯತ್ಯಾಸವಿರುವುದು ಅಂಟಿನಲ್ಲಿ: ಎಂಆರ್ ಹಾಳೆಗಳಲ್ಲಿ ಸಾಮಾನ್ಯವಾಗಿ ಬಳಸುವ ಯೂರಿಯಾ ಅಂಟು ಗಾಳಿಯ ತೇವವನ್ನು ತಡೆಯುತ್ತದೆಯಾದರೂ ನಿಂತ ನೀರಿಗೆ ಸೋಲುತ್ತದೆ, 710ರ ಫಿನಾಲ್ ಅಂಟು 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಪದರ ಬಿಡಬಾರದೆಂಬುದು ಮಾನದಂಡ.

“710 ಗ್ರೇಡ್” ಎಂದು ಯಾರು ಬೇಕಾದರೂ ಅಚ್ಚು ಹಾಕಬಹುದು. ಆದ್ದರಿಂದ ಐಎಸ್‌ಐ ಗುರುತಿನ ಕೆಳಗಿರುವ ಸಿಎಂ/ಎಲ್ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ, ತಯಾರಕರ ಹೆಸರೂ ಮಾನದಂಡದ ಸಂಖ್ಯೆಯೂ ಹೊಂದುತ್ತವೆಯೇ ಎಂದು ನೋಡಿದೆವು. ಒಂದು ಅಂಗಡಿಯ ಹಾಳೆಯಲ್ಲಿದ್ದ ಸಂಖ್ಯೆ 303ರ ಪರವಾನಗಿಯದಾಗಿತ್ತು, ಅದನ್ನು ಬಿಟ್ಟೆವು. ಕತ್ತರಿಸಿದ ಅಂಚಿನಲ್ಲಿ ಪದರಗಳ ನಡುವೆ ಖಾಲಿ ಜಾಗವಿದ್ದರೆ ಅಲ್ಲಿ ತಿರುಪು ಹಿಡಿಯುವುದಿಲ್ಲವೆಂಬ ಕಾರಣಕ್ಕೆ ಅಂಚನ್ನೂ ಪರೀಕ್ಷಿಸಿದೆವು.

ಬಾಗಿಲಿನ ಹೊರಮುಖಕ್ಕೆ 1 ಮಿಲಿಮೀಟರ್ ಲ್ಯಾಮಿನೇಟ್ ಹಾಕಿ, ಒಳಮುಖಕ್ಕೂ ತೆಳು ಲ್ಯಾಮಿನೇಟ್ ಅಂಟಿಸಿದ್ದೇವೆ, ಏಕೆಂದರೆ ಒಂದೇ ಬದಿಗೆ ಹಾಕಿದರೆ ಎತ್ತರದ ಬಾಗಿಲು ಬಾಗುವ ಸಂಭವ ಹೆಚ್ಚು. ನಿಜವಾದ ಮರದ ತೆಳುಪದರವಾದ ವೆನೀರ್ ನನಗೆ ಬಹಳ ಇಷ್ಟ. ಅದಕ್ಕೆ ಪಾಲಿಶ್ ಅಗತ್ಯ, ಒಲೆಯ ಹಬೆ ಹಿತವಲ್ಲ, ಹಾಗಾಗಿ ಅದು ಮಲಗುವ ಕೋಣೆಯ ಬಾಗಿಲುಗಳಿಗಷ್ಟೇ. ಸಿಂಕಿಗಾಗಿ ಕೊರೆದ ರಂಧ್ರಗಳ ಅಂಚಿಗೆ ಸೀಲರ್ ಬಳಿಯುವ ಕೆಲಸ ಈ ವಾರ ನಡೆಯುತ್ತಿದೆ.