ನಡುವಿನ ಪಟ್ಟಿಗೆ ಇಮ್ಮಡಿ ಅಗಲ ಬಂದದ್ದೆಲ್ಲಿಂದ?

ಡೊಂಬಿವಲಿಯ ವಿದ್ಯಾರ್ಥಿನಿ: ಒಂಟಿ ಸೀಳುಗಂಡಿಯ ವಿವರ್ತನೆಯಲ್ಲಿ ನಡುವಿನ ಪಟ್ಟಿ ಉಳಿದವುಗಳ ಎರಡರಷ್ಟು ಅಗಲವಿರುವುದು ಏಕೆ? 650 ನ್ಯಾನೋಮೀಟರ್ ಲೇಸರ್, 0.1 ಮಿ.ಮೀ. ಕಂಡಿ, 2 ಮೀಟರ್ ದೂರದ ಪರದೆ ಇಟ್ಟಾಗ ನನಗೆ ನಡುವಿನದು 24 ಮಿ.ಮೀ., ಪಕ್ಕದ್ದು 10 ಮಿ.ಮೀ. ಕಂಡಿತು.

ಠಾಣೆಯ ಛಾಯಾಗ್ರಾಹಕ: ಹಾದುಹೋಗುವ ಬೆಳಕಿನ ಸುಮಾರು ಶೇ. 90 ಭಾಗ ನಡುವೆಯೇ ಬೀಳುತ್ತದೆ. ಪ್ರಖರವಾದದ್ದು ಕಣ್ಣಿಗೆ ಅಗಲವಾಗಿ ತೋರುವುದು ಸಹಜ.

ಪುಣೆಯ ನಿವೃತ್ತ ಉಪನ್ಯಾಸಕ: ಪ್ರಖರತೆಯ ಮಾತು ನಿಜ, ಆದರೆ ಇಮ್ಮಡಿಗೆ ಅದು ಕಾರಣವಲ್ಲ. ಕಂಡಿಯ ಎರಡು ಅಂಚುಗಳಿಂದ ಬರುವ ಬೆಳಕಿನ ಪಥವ್ಯತ್ಯಾಸ ಒಂದು ತರಂಗದೂರವಾದ ದಿಕ್ಕಿನಲ್ಲಿ, ಕಂಡಿಯ ಮೇಲರ್ಧದ ಪ್ರತಿಯೊಂದು ಬಿಂದುವಿಗೂ ಕೆಳಗಿನರ್ಧದಲ್ಲಿ ಅರ್ಧ ತರಂಗದೂರ ಹಿಂದುಳಿದ ಜೊತೆಗಾರ ಸಿಗುವುದರಿಂದ, ಎರಡೂ ಒಂದನ್ನೊಂದು ಅಳಿಸಿ ಕತ್ತಲೆ ಮೂಡುತ್ತದೆ. ವ್ಯತ್ಯಾಸ ಎರಡು, ಮೂರು ತರಂಗದೂರಗಳಾದಾಗಲೂ ಹೀಗೆಯೇ. ಆದ್ದರಿಂದ ಕತ್ತಲೆಯ ಗೆರೆಗಳು ಎರಡೂ ಬದಿಗೆ ಸಮಾನ ಅಂತರದಲ್ಲಿ ಸಾಗುತ್ತವೆ. ನಿಮ್ಮ ಲೆಕ್ಕದಲ್ಲಿ ಆ ಅಂತರ 13 ಮಿ.ಮೀ. ಆಗುತ್ತದೆ. ಆದರೆ ಪಥವ್ಯತ್ಯಾಸ ಸೊನ್ನೆಯಾಗುವ ನಟ್ಟನಡುವೆ ಎಲ್ಲ ಬಿಂದುಗಳ ಬೆಳಕೂ ಏಕಲಯದಲ್ಲಿ ಬರುವುದರಿಂದ ಅಲ್ಲಿ ಅಳಿಸುವವರೇ ಇಲ್ಲ. ಸಾಲುಗಂಬಗಳಲ್ಲಿ ನಡುಗಂಬ ಒಂದಿಲ್ಲದಿದ್ದರೆ ಎರಡು ಅಂಕಣಗಳು ಕೂಡಿ ಒಂದಾಗುವ ಹಾಗೆ, ಇಲ್ಲಿ ಎರಡು ಅಂತರಗಳು ಸೇರಿ 26 ಮಿ.ಮೀ. ಆಗುತ್ತವೆ.

ಡೊಂಬಿವಲಿಯ ವಿದ್ಯಾರ್ಥಿನಿ: ಹಾಗಾದರೆ ನನ್ನ 24 ಮತ್ತು 10?

ಪುಣೆಯ ನಿವೃತ್ತ ಉಪನ್ಯಾಸಕ: ನೀವು ಅಳೆದದ್ದು ಕಣ್ಣಿಗೆ ಕಂಡ ಬೆಳಕನ್ನು. ತೀರ ಮಂದವಾದ ಅಂಚು ಕಣ್ಣಿಗೆ ನಿಲುಕುವುದಿಲ್ಲ. ಪಕ್ಕದ ಪಟ್ಟಿಯ ಗರಿಷ್ಠ ಪ್ರಖರತೆಯೇ ನಡುವಿನದರ ಶೇ. 5ಕ್ಕಿಂತ ಕಡಿಮೆಯಾದ್ದರಿಂದ ಅದು ಹೆಚ್ಚು ಕಳೆದುಕೊಳ್ಳುತ್ತದೆ. ಕತ್ತಲೆಯ ನಡುವಿನಿಂದ ಕತ್ತಲೆಯ ನಡುವಿಗೆ ಅಳೆಯಿರಿ.

ಮಡಗಾಂವಿನ ಗೃಹಿಣಿ: ಮಗನ ಶಾಲೆಯ ಯೋಜನೆಗೆಂದು ನಾವು ಕಂಡಿಯ ಬದಲು ತಲೆಗೂದಲನ್ನು ಲೇಸರಿಗೆ ಅಡ್ಡ ಹಿಡಿದೆವು. ಪಕ್ಕದ ಪಟ್ಟಿಗಳು ಚೆನ್ನಾಗಿ ಬಂದವು, ನಡುವೆ ಮಾತ್ರ ಕಣ್ಣು ಕುಕ್ಕುವ ಚುಕ್ಕೆ. ಅದನ್ನೂ ನಡುವಿನ ಪಟ್ಟಿ ಎನ್ನಬಹುದೇ?

ಪುಣೆಯ ನಿವೃತ್ತ ಉಪನ್ಯಾಸಕ: ಅಲ್ಲಮ್ಮ, ಅದು ಕೂದಲಿನ ಆಚೀಚೆ ನೇರವಾಗಿ ಹಾದುಬಂದ ಲೇಸರ್ ಬೆಳಕು. ಚುಕ್ಕೆಯಿಂದಾಚೆಗಿನ ಕತ್ತಲೆಯ ಗೆರೆಗಳು ಅಷ್ಟೇ ಅಗಲದ ಕಂಡಿಯಲ್ಲಿ ಬರುವ ಕಡೆಯಲ್ಲೇ ಬರುತ್ತವೆ, ಆದ್ದರಿಂದ ಅವುಗಳ ಅಂತರದಿಂದಲೇ ಕೂದಲಿನ ದಪ್ಪವನ್ನು ಲೆಕ್ಕ ಹಾಕಿ.

ಠಾಣೆಯ ಛಾಯಾಗ್ರಾಹಕ: ನನ್ನ ಆಕ್ಷೇಪ ಪೂರ್ತಿ ತೀರಿಲ್ಲ. ಪ್ರತಿ ಪಟ್ಟಿಯನ್ನೂ ಅದರದೇ ಅರ್ಧ ಪ್ರಖರತೆಯ ಎತ್ತರದಲ್ಲಿ ಅಳೆದರೆ ಅನುಪಾತ ಎರಡಲ್ಲ, 1.8ರ ಹತ್ತಿರ ಬರುತ್ತದೆ. ಅಗಲ ಎಂದರೆ ಕತ್ತಲೆಯಿಂದ ಕತ್ತಲೆಗೆ ಎಂದು ನಾವೇ ಆರಿಸಿಕೊಂಡದ್ದರಿಂದ ತಾನೇ ಇಮ್ಮಡಿ?

ಪುಣೆಯ ನಿವೃತ್ತ ಉಪನ್ಯಾಸಕ: ಒಪ್ಪುತ್ತೇನೆ. ಆದರೆ ಗೆರೆಗಳ ಸಮ ಅಂತರ ನಮ್ಮ ಆಯ್ಕೆಯಲ್ಲ.

ಡೊಂಬಿವಲಿಯ ವಿದ್ಯಾರ್ಥಿನಿ: ಇಂದು ಎಡದ ಮೂರನೆಯ ಕತ್ತಲೆಯಿಂದ ಬಲದ ಮೂರನೆಯದಕ್ಕೆ ಅಳೆದಾಗ 79 ಮಿ.ಮೀ. ಬಂತು. ನಡುವೆ ಬೆಳಕಿನ ಪಟ್ಟಿಗಳು ಐದೇ ಇವೆಯೆಂದು ಐದರಿಂದ ಭಾಗಿಸಿ 15.8 ಪಡೆದು ಗಾಬರಿಯಾಗಿದ್ದೆ. ಇಲ್ಲದ ನಡುಗಂಬವನ್ನೂ ಎಣಿಸಿ ಆರರಿಂದ ಭಾಗಿಸಿದ ಮೇಲೆ 13.2 ಸಿಕ್ಕಿತು.