ಕತ್ತಲೆ ಹಾಲ್‌ಗೆ ಕನ್ನಡಿ ಎಲ್ಲಿ ಹಾಕಲಿ?

ಕೇಳಿದವರು: ಬೆಂಗಳೂರಿನಲ್ಲಿ ಗ್ರೌಂಡ್ ಫ್ಲೋರ್ ಬಾಡಿಗೆ ಮನೆ. ಹಾಲ್ 10 ಅಡಿ ಅಗಲ, 12 ಅಡಿ ಉದ್ದ. ಒಂದೇ ಕಿಟಕಿ, ಅದರಾಚೆ ಮೂರಡಿಗೆ ಪಕ್ಕದವರ ಗೋಡೆ. ಮಧ್ಯಾಹ್ನವೂ ಲೈಟ್ ಬೇಕು. ದೊಡ್ಡ ಕನ್ನಡಿ ಹಾಕಿದರೆ ಬೆಳಕಾಗುತ್ತಾ?

ಹಾಸನದ ಗೃಹಿಣಿ: ಕಿಟಕಿಯ ಎದುರುಗೋಡೆಗೆ ಹಾಕಿ, ಕಣ್ಣುಮುಚ್ಚಿ. ನಮ್ಮ ಮನೆಯಲ್ಲಿ ಹಾಗೇ ಮಾಡಿದ್ದೇವೆ, ಕೋಣೆ ಎರಡರಷ್ಟು ಕಾಣುತ್ತದೆ.

ಮೈಸೂರಿನ ಗಾಜಿನಂಗಡಿಯವರು: ಅಮ್ಮಾ, ನಿಮ್ಮ ಕಿಟಕಿಯಾಚೆ ಬಯಲು ಇರಬೇಕು, ಅದಕ್ಕೇ ಚೆನ್ನಾಗಿದೆ. ಇವರಿಗೆ ಕಾಣುವುದು ಪಕ್ಕದವರ ಗೋಡೆ. ಕನ್ನಡಿ ತನ್ನ ಎದುರಿಗಿರುವುದನ್ನು ತೋರಿಸುತ್ತದೆ, ಅಷ್ಟೇ. ಸ್ವಂತ ಬೆಳಕು ಅದಕ್ಕಿಲ್ಲ.

ಸರ್, ಹೀಗೆ ಮಾಡಿ ನೋಡಿ. ನೀವು ಸೋಫಾದಲ್ಲಿ ಕುಳಿತುಕೊಳ್ಳಿ. ಮನೆಯವರು ಕೈಗನ್ನಡಿಯನ್ನು ಪಕ್ಕದ ಗೋಡೆಗೆ ಒತ್ತಿಹಿಡಿದು ನಿಧಾನವಾಗಿ ಸರಿಸಲಿ. ಕನ್ನಡಿಯಲ್ಲಿ ಕಿಟಕಿ ಕಂಡ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಸೋಫಾ ಕಿಟಕಿಯ ನೇರ ಎದುರಿಗಿದ್ದರೆ ಆ ಜಾಗ ಎರಡರ ಸುಮಾರು ನಡುವೆ ಬರುತ್ತದೆ. ಅಲ್ಲಿ ಹಾಕಿದರೆ ಕುಳಿತವರಿಗೆ ಎರಡನೇ ಕಿಟಕಿ ಇದ್ದ ಹಾಗೆ ಅನ್ನಿಸುತ್ತದೆ.

ಗಾಜು 5 ಎಂಎಂ ತಗೊಳ್ಳಿ. ತೆಳುವಾದದ್ದು ದೊಡ್ಡ ಸೈಜಿನಲ್ಲಿ ಬಾಗಿ, ಮುಖ ಸೊಟ್ಟ ಕಾಣುತ್ತದೆ. 4 ಅಡಿಗೆ 3 ಅಡಿಯದ್ದು ಹೆಚ್ಚುಕಡಿಮೆ 14 ಕಿಲೋ ತೂಗುತ್ತದೆ, ಹಾಗಾಗಿ ಬರೀ ಡಬಲ್ ಟೇಪ್ ನಂಬಬೇಡಿ.

ದಾವಣಗೆರೆಯವರು: ಹಾಸಿಗೆ ಎದುರಿಗೆ ಮಾತ್ರ ಕನ್ನಡಿ ಬೇಡ. ನಮ್ಮತ್ತೆ ರಾತ್ರಿ ಅದಕ್ಕೆ ಬಟ್ಟೆ ಮುಚ್ಚಿಯೇ ಮಲಗುತ್ತಾರೆ.

ಕೇಳಿದವರು: ಅಕ್ಕಾ, ಬೆಡ್‌ರೂಮ್ ಅಲ್ಲ, ಹಾಲ್!

ಮಂಗಳೂರಿನವರು: ನನ್ನ ತಪ್ಪು ನೀವು ಮಾಡಬೇಡಿ. ಹೊರಗಿನ ಗೋಡೆಗೆ, ವಿನೆಗರ್ ವಾಸನೆ ಬರುತ್ತಲ್ಲ, ಆ ಸಿಲಿಕೋನ್ ಹಚ್ಚಿ ಅಂಟಿಸಿದೆ. ಒಂದೇ ಮಳೆಗಾಲಕ್ಕೆ ಅಂಚಿನಿಂದ ಕಪ್ಪು ಹರಡಿತು. ಗೋಡೆಯ ತೇವವೋ ಸಿಲಿಕೋನೋ, ಇಂದಿಗೂ ಗೊತ್ತಾಗಿಲ್ಲ.

ಗಾಜಿನಂಗಡಿಯವರು: ಎರಡೂ ಇರಬಹುದು. ಆ ಸಿಲಿಕೋನ್‌ನ ಆಮ್ಲ ಹಿಂಬದಿಯ ಬೆಳ್ಳಿ ಲೇಪವನ್ನು ತಿನ್ನುತ್ತದೆ. ನ್ಯೂಟ್ರಲ್ ಸಿಲಿಕೋನ್ ಅಂತ ಕೇಳಿ ತಗೊಳ್ಳಿ. ಬಾಡಿಗೆ ಮನೆ ಅಲ್ವಾ, ಫ್ರೇಮ್ ಹಾಕಿಸಿ ಸ್ಕ್ರೂಗೆ ತೂಗುಹಾಕುವುದೇ ಒಳ್ಳೆಯದು. ಹಿಂದೆ ಗಾಳಿಯೂ ಆಡುತ್ತದೆ.

ಕೇಳಿದವರು: ಭಾನುವಾರ ಕೈಗನ್ನಡಿ ಹಿಡಿದು ನೋಡಿದೆವು. ಎದುರುಗೋಡೆಯಲ್ಲಿ ಸುಮ್ನೆ ದಂಡ, ಸೋಫಾ ಅದಕ್ಕೇ ಬೆನ್ನು ಕೊಟ್ಟಿದೆ. ಪಕ್ಕದ ಗೋಡೆಯಲ್ಲಿ, ಕಿಟಕಿಯಿಂದ ಐದಡಿ ದೂರದಲ್ಲಿ ಕಿಟಕಿ ಪೂರ್ತಿ ಕಂಡಿತು. ಆದರೆ ಕಿಟಕಿಯಲ್ಲಿ ಕಂಡದ್ದು ಪಾಚಿ ಹಿಡಿದ ಸಿಮೆಂಟ್ ಗೋಡೆ!

ಗಾಜಿನಂಗಡಿಯವರು: ಹಾಗಿದ್ದರೆ ಮೊದಲ ಖರ್ಚು ಕನ್ನಡಿಗಲ್ಲ, ಆ ಗೋಡೆಗೆ. ಪಾಚಿ ಉಜ್ಜಿ ಬಿಳಿ ಬಣ್ಣ ಬಳಿಸಿ. ನಿಮ್ಮ ಹಾಲ್‌ಗೆ ಬರುವ ಬೆಳಕು ಹೆಚ್ಚಾಗಿ ಅದಕ್ಕೆ ಬಿದ್ದು ಬರುವುದೇ. ಗೋಡೆ ಬೆಳ್ಳಗಾದರೆ ಕನ್ನಡಿಯಲ್ಲೂ ಬೆಳ್ಳಗೆ ಕಾಣುತ್ತದೆ.

ಕೇಳಿದವರು: ಬಣ್ಣದ ಖರ್ಚು ನಮ್ಮದೇ ಅಂದರೂ ಪಕ್ಕದ ಮನೆಯವರು ಇನ್ನೂ ಹೂಂ ಅಂದಿಲ್ಲ. ಈ ವಾರ ಇನ್ನೊಮ್ಮೆ ಕೇಳಿ ನೋಡುತ್ತೇನೆ.